ಡಿಲೀಟ್ ಒತ್ತಿದ ಮೇಲೆ ನಡೆಯಬೇಕಾದ ಕೆಲಸ

ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಅದರಲ್ಲಿದ್ದ ಖಾತೆಯೂ ಹೋಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಹೋಗುವುದು ಫೋನಿನಲ್ಲಿದ್ದ ಆ್ಯಪ್ ಅಷ್ಟೆ. ಹೆಸರು, ಮೊಬೈಲ್ ನಂಬರು, ಮನೆ ವಿಳಾಸ, ಏನೇನು ಕೊಂಡೆವು ಎಂಬ ಪಟ್ಟಿ ಎಲ್ಲವೂ ಕಂಪನಿಯ ಸರ್ವರಿನಲ್ಲಿ ಇದ್ದ ಹಾಗೇ ಇರುತ್ತವೆ. ಅವನ್ನೂ ತೆಗೆಯಿರಿ ಎಂದು ಕೇಳಬೇಕಾದರೆ, ಮೊನ್ನೆ ಮೊನ್ನೆಯವರೆಗೂ ಸಹಾಯವಾಣಿಗೆ ಮೇಲ್ ಬರೆದು ಕಾಯುತ್ತ ಕೂರಬೇಕಿತ್ತು.

ಇದನ್ನು ಬದಲಿಸಿದ್ದರಲ್ಲಿ ಆ್ಯಪ್ ಸ್ಟೋರುಗಳ ಪಾಲು ದೊಡ್ಡದು. ಖಾತೆ ತೆರೆಯಲು ಅವಕಾಶವಿರುವ ಪ್ರತಿ ಆ್ಯಪಿನೊಳಗೂ ಅದನ್ನು ಅಳಿಸುವ ದಾರಿ ಇರಲೇಬೇಕೆಂಬ ನಿಯಮವನ್ನು ಆಪಲ್ 2022ರ ಜೂನ್ 30ರಿಂದ ಜಾರಿಗೆ ತಂದಿತು. ಆ ದಾರಿ ಸುಲಭವಾಗಿ ಕಣ್ಣಿಗೆ ಬೀಳಬೇಕು. ಖಾತೆಯನ್ನು ಸುಮ್ಮನೆ ನಿಷ್ಕ್ರಿಯಗೊಳಿಸಿದರೆ ಸಾಲದು. ಬ್ಯಾಂಕಿನಂಥ ಬಿಗಿ ಕಾನೂನಿನ ಕ್ಷೇತ್ರಗಳನ್ನು ಬಿಟ್ಟರೆ ಉಳಿದವರು ‘ಕಾಲ್ ಮಾಡಿ’, ‘ಮೇಲ್ ಬರೆಯಿರಿ’ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಗೂಗಲ್ ಪ್ಲೇ 2023ರ ಏಪ್ರಿಲ್‌ನಲ್ಲಿ ಇಂಥದೇ ನಿಯಮ ಪ್ರಕಟಿಸಿ ಅದಕ್ಕೆ ಇನ್ನೊಂದು ಷರತ್ತು ಸೇರಿಸಿತು: ಆ್ಯಪಿನ ಹೊರಗೆ ಒಂದು ವೆಬ್ ಪುಟದಿಂದಲೂ ಅಳಿಸುವಂತೆ ಕೇಳಲು ಸಾಧ್ಯವಾಗಬೇಕು. ಆ್ಯಪನ್ನು ಎಂದೋ ತೆಗೆದುಹಾಕಿದವರು ಖಾತೆ ಅಳಿಸುವುದಕ್ಕಾಗಿ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಬಾರದು ಎಂಬುದು ಇದರ ಉದ್ದೇಶ. ನನ್ನ ಮಟ್ಟಿಗೆ ಎರಡೂ ಸ್ಟೋರುಗಳ ನಿಯಮಗಳಲ್ಲಿ ಜನರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಇದೇ.

ಬಟನ್ ಇಡುವುದು ಅರ್ಧ ದಿನದ ಕೆಲಸ. ಅದನ್ನು ಒತ್ತಿದ ಮೇಲೆ ನಡೆಯಬೇಕಾದದ್ದೇ ದೊಡ್ಡದು. ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಂಬಾಲಿಸಿದರೆ ಅದು ತಿಳಿಯುತ್ತದೆ. ಮೈಸೂರಿನಲ್ಲಿ ಮನೆಮನೆಗೆ ಹಾಲು, ತರಕಾರಿ ಮುಟ್ಟಿಸುವ ಸಣ್ಣ ಆ್ಯಪೊಂದಿದೆ ಎಂದುಕೊಳ್ಳಿ. ಅದರ ಗ್ರಾಹಕಿ ಶಾರದಮ್ಮ ಮಗಳ ಊರಿಗೆ ಹೊರಟಿದ್ದಾರೆ, ಖಾತೆ ಬೇಡವಾಗಿದೆ. ಡೇಟಾಬೇಸಿನಲ್ಲಿ ಅವರ ಸಂಖ್ಯೆ 48213.

ಅವಸರದ ಡೆವಲಪರ್ ಮಾಡುವುದು ಇಷ್ಟೇ:

```sql
UPDATE users SET deleted_at = now() WHERE id = 48213;
```

ಇದರಿಂದ ಶಾರದಮ್ಮ ಮತ್ತೆ ಲಾಗಿನ್ ಆಗಲಾರರು, ಅವರ ಕಣ್ಣಿಗೆ ಖಾತೆ ಮಾಯ. ಆದರೆ ಅವರ ಹೆಸರು, ನಂಬರು, ವಿಳಾಸ ಒಂದಕ್ಷರವೂ ಅಲುಗಿಲ್ಲ. ‘ಅಳಿಸಲಾಗಿದೆ’ ಎಂದು ಗುರುತು ಹಾಕಿದ್ದಾಯಿತು, ಅಳಿಸಿದ್ದಾಗಲಿಲ್ಲ. ಮುಂದೊಂದು ದಿನ ಡೇಟಾಬೇಸ್ ಸೋರಿದರೆ ಶಾರದಮ್ಮನ ವಿಳಾಸವೂ ಉಳಿದವರ ಜೊತೆಗೇ ಸೋರುತ್ತದೆ.

ಸರಿಯಾಗಿ ಮಾಡಬೇಕಾದರೆ ಮೊದಲು ಬೇಕಾಗುವುದು ಒಂದು ಪಟ್ಟಿ: ಶಾರದಮ್ಮನ ಬಗ್ಗೆ ಎಲ್ಲೆಲ್ಲಿ ಏನೇನಿದೆ? ಬಳಕೆದಾರರ ಕೋಷ್ಟಕ, ವಿಳಾಸಗಳು, ಆರ್ಡರುಗಳು, ಬಿಲ್ಲುಗಳು ಎಲ್ಲರಿಗೂ ನೆನಪಾಗುತ್ತವೆ. ಒಡೆದ ಹಾಲಿನ ಪ್ಯಾಕೆಟ್ಟಿನದೆಂದು ಅವರು ಕಳಿಸಿದ ಫೋಟೋ, ಸಹಾಯವಾಣಿಯ ಚಾಟ್, ಫೋನಿಗೆ ನೋಟಿಫಿಕೇಷನ್ ಕಳಿಸುವ ಸೇವೆಯಲ್ಲಿರುವ ಟೋಕನ್, ಜಾಹೀರಾತಿನ ಎಸ್ಸೆಮ್ಮೆಸ್ ಕಳಿಸುವ ಹೊರಗಿನ ಕಂಪನಿಯ ಬಳಿಯಿರುವ ನಂಬರು, ಇವು ಮರೆತುಹೋಗುತ್ತವೆ. ಎಲ್ಲಕ್ಕಿಂತ ಹೆಚ್ಚು ಮರೆವಾಗುವುದು ಸರ್ವರಿನ ಲಾಗುಗಳು. ‘ಈ ನಂಬರಿಗೆ ಓಟಿಪಿ ಕಳಿಸಲಾಯಿತು’ ಎಂಬ ಸಾಲು ಪ್ರತಿ ಲಾಗಿನ್‌ಗೂ ಅಲ್ಲಿ ಬಿದ್ದಿರುತ್ತದೆ.

ಪಟ್ಟಿಯ ಪ್ರತಿ ಬಾಬಿನ ಮುಂದೆ ಒಂದು ತೀರ್ಮಾನ ಬರೆಯಬೇಕು. ವಿಳಾಸ, ಫೋಟೋ, ಚಾಟ್, ಟೋಕನ್ ಪೂರ್ತಿ ಹೋಗಬೇಕು. ತರಕಾರಿಯ ಬಗ್ಗೆ ಬರೆದ ವಿಮರ್ಶೆಗಳನ್ನು ಉಳಿಸಿಕೊಳ್ಳುವುದಾದರೆ ಹೆಸರು ಕಿತ್ತುಹಾಕಬೇಕು. ಬಿಲ್ಲುಗಳನ್ನು ಮಾತ್ರ ಮುಟ್ಟುವಂತಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಶಾರದಮ್ಮ 2024ರ ಆಗಸ್ಟಿನಲ್ಲಿ ತುಪ್ಪ ಕೊಂಡಿದ್ದರೆ ಆ ವರ್ಷದ ರಿಟರ್ನಿನ ಕೊನೆಯ ದಿನ 2025ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ, ಅಂದರೆ 2031ರ ಡಿಸೆಂಬರ್ 31ರವರೆಗೆ ಆ ಬಿಲ್ಲು ಇರಬೇಕು. ಇದಕ್ಕೆ ಯಾರ ತಕರಾರೂ ಇಲ್ಲ. ಕಾನೂನಿಗಾಗಿ ಇಟ್ಟುಕೊಳ್ಳುವುದನ್ನು ಗೂಗಲ್ ಕೂಡ ಒಪ್ಪುತ್ತದೆ, ಆದರೆ ಏನನ್ನು, ಯಾಕೆ ಇಟ್ಟುಕೊಳ್ಳುತ್ತೀರಿ ಎಂದು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ಉಳಿಸಿದ ಬಿಲ್ಲುಗಳು ಲೆಕ್ಕಪತ್ರದವರ ಕೈಗಷ್ಟೇ ಸಿಗುವ ಕಡೆ ಇರಬೇಕು. ‘ಮತ್ತೆ ಬನ್ನಿ, ತುಪ್ಪಕ್ಕೆ ರಿಯಾಯಿತಿ’ ಎಂದು ಮೆಸೇಜು ಕಳಿಸುವವರ ಕೈಗೆ ಸಿಕ್ಕರೆ ಅಳಿಸಿದ್ದಕ್ಕೆ ಅರ್ಥವಿಲ್ಲ.

ಹೆಸರು ಕೀಳುವುದರಲ್ಲೂ ಒಂದು ಮೋಸವಿದೆ. ಮೊಬೈಲ್ ನಂಬರಿನ ಬದಲು ಅದರ ಹ್ಯಾಷ್ ಇಟ್ಟುಕೊಂಡರೆ ಗುರುತು ಅಳಿಯಿತು ಎಂದು ಅನೇಕ ತಂಡಗಳು ನಂಬುತ್ತವೆ. ಹ್ಯಾಷ್ ಎಂದರೆ ನಂಬರನ್ನು ಲೆಕ್ಕವೊಂದಕ್ಕೆ ಹಾಕಿ ತೆಗೆದ ಗೊಂದಲದ ಅಕ್ಷರಮಾಲೆ. ಅದರಿಂದ ಹಿಂದಕ್ಕೆ ನಂಬರಿಗೆ ಬರಲಾಗದು. ಆದರೆ ನಮ್ಮ ಮೊಬೈಲ್ ನಂಬರುಗಳಿಗೆ ಹತ್ತೇ ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ಅವಷ್ಟಕ್ಕೂ ಒಂದೊಂದಾಗಿ ಮಾಮೂಲಿ ಹ್ಯಾಷ್ ಹಾಕಿ ಹೋಲಿಸಿ ನೋಡಲು ಸಾಧಾರಣ ಕಂಪ್ಯೂಟರಿಗೂ ಹೆಚ್ಚು ಹೊತ್ತು ಬೇಡ. ಆದ್ದರಿಂದ ಹ್ಯಾಷ್ ಮಾಡಿದ ನಂಬರು ನಂಬರೇ.

ಇನ್ನು ಕ್ರಮ. ಶಾರದಮ್ಮನ ವ್ಯಾಲೆಟ್ಟಿನಲ್ಲಿ 340 ರೂಪಾಯಿ ಉಳಿದಿದೆ, ನಾಳೆ ಬೆಳಿಗ್ಗೆ ಅರ್ಧ ಲೀಟರ್ ಹಾಲು ಬರುವುದಿದೆ. ಇವೆರಡನ್ನೂ ಬಟನ್ ಒತ್ತಿದ ಪರದೆಯಲ್ಲೇ ಹೇಳಿ, ಹಣ ವಾಪಸಾಗುವ ಖಾತೆ ಕೇಳಿ, ಹಾಲು ನಿಲ್ಲಿಸಿ, ಆಮೇಲೆ ಮುಂದಕ್ಕೆ ಹೋಗಬೇಕು. ನಂತರ ಎಲ್ಲ ಫೋನುಗಳಲ್ಲೂ ಲಾಗಿನ್ ಕಡಿದುಹಾಕಬೇಕು. ಆಪಲ್ ಖಾತೆಯಿಂದ ಲಾಗಿನ್ ಆಗಿದ್ದವರಾದರೆ ಆ ಟೋಕನನ್ನು ಆಪಲ್‌ನ ಸರ್ವರಿನಲ್ಲಿಯೂ ರದ್ದುಪಡಿಸಬೇಕೆಂಬ ನಿಯಮವಿದೆ. ಮನಸ್ಸು ಬದಲಾಯಿಸಲು ಕೆಲವು ದಿನದ ಗಡುವು ಕೊಡುವುದು ಒಳ್ಳೆಯದೇ. ಫೇಸ್‌ಬುಕ್ 30 ದಿನ ಕೊಡುತ್ತದೆ. ಗಡುವು ಮುಗಿದ ಮೇಲೆ ಹಿನ್ನೆಲೆಯ ಕೆಲಸವೊಂದು ಪಟ್ಟಿಯ ಪ್ರಕಾರ ಒಂದೊಂದನ್ನೇ ಅಳಿಸುತ್ತ ಹೋಗುತ್ತದೆ. ಎಸ್ಸೆಮ್ಮೆಸ್ ಕಂಪನಿಯ ಸರ್ವರ್ ಆ ಹೊತ್ತಿಗೆ ಕೈಕೊಟ್ಟರೆ ಆ ಹೆಜ್ಜೆಯನ್ನು ಮತ್ತೆ ಪ್ರಯತ್ನಿಸಬೇಕು. ಅದಾಗುವವರೆಗೆ ‘ಮುಗಿಯಿತು’ ಎಂದು ಬರೆಯಬಾರದು.

ಬ್ಯಾಕಪ್‌ಗಳ ವಿಷಯ ಬೇರೆ. ದಿನವೂ ತೆಗೆದಿಟ್ಟ ಪ್ರತಿಗಳ ಒಳಹೊಕ್ಕು ಒಬ್ಬರ ಸಾಲನ್ನು ಕೀಳುವುದು ಕಾರ್ಯಸಾಧ್ಯವಲ್ಲ. ಅವಕ್ಕೆ ವಯಸ್ಸು ನಿಗದಿ ಮಾಡಿ, ಉದಾಹರಣೆಗೆ 35 ದಿನವಾದ ಪ್ರತಿ ತಾನಾಗಿ ನಾಶವಾಗುವಂತೆ ಇಡುತ್ತಾರೆ. ಅಪಾಯವಿರುವುದು ಆ 35 ದಿನಗಳ ಒಳಗೆ. ಸರ್ವರ್ ಕೆಟ್ಟು ಹತ್ತು ದಿನ ಹಿಂದಿನ ಬ್ಯಾಕಪ್ ಹಾಕಿದರೆ ನಿನ್ನೆ ಅಳಿಸಿದ ಶಾರದಮ್ಮ ಮತ್ತೆ ಪ್ರತ್ಯಕ್ಷವಾಗುತ್ತಾರೆ, ಮರುದಿನ ಬಾಗಿಲಿಗೆ ಹಾಲೂ ಬರುತ್ತದೆ. ಇದಕ್ಕೆ ಪರಿಹಾರ ಸರಳ. ಅಳಿಸಿದ ಸಂಖ್ಯೆಗಳನ್ನು ಮಾತ್ರ, ಹೆಸರು ನಂಬರು ಯಾವುದೂ ಇಲ್ಲದೆ, ಬೇರೆ ಕಡೆ ಬರೆದಿಡುವುದು. ಬ್ಯಾಕಪ್ ಹಾಕಿದ ಕೂಡಲೇ ಆ ಸಂಖ್ಯೆಗಳನ್ನೆಲ್ಲ ಮತ್ತೊಮ್ಮೆ ಅಳಿಸುವುದು. ಸರಳವಾದರೂ ಬಹಳ ಕಡೆ ಇದು ಇರುವುದಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಬೇರೆಲ್ಲೂ ಬಳಸದ ನಂಬರಿನಿಂದ ಹೊಸ ಖಾತೆ ತೆರೆದು, ಆರ್ಡರು, ಫೋಟೋ, ಚಾಟ್ ಎಲ್ಲ ಮಾಡಿ, ಅಳಿಸಿ, ಗಡುವು ಮುಗಿದ ಮೇಲೆ ಆ ಹತ್ತಂಕಿಯನ್ನು ಡೇಟಾಬೇಸು, ಫೈಲುಗಳು, ಲಾಗುಗಳು, ಹೊರಗಿನ ಸೇವೆಗಳು ಎಲ್ಲೆಡೆ ಹುಡುಕಬೇಕು. ಕಾನೂನಿಗಾಗಿ ಉಳಿಸಿದ ಬಿಲ್ಲಿನ ಹೊರಗೆ ಎಲ್ಲೇ ಸಿಕ್ಕರೂ ಪಟ್ಟಿ ಅಪೂರ್ಣ ಎಂದರ್ಥ.

ಮಾಹಿತಿಯ ಪ್ರತಿ ಕೊಡುವ ವ್ಯವಸ್ಥೆಗೆ ಬೇಕಾದದ್ದೂ ಇದೇ ಪಟ್ಟಿ. ನನ್ನ ಸಲಹೆ ಕೇಳಿದವರಿಗೆಲ್ಲ ನಾನು ಡೌನ್‌ಲೋಡ್ ವ್ಯವಸ್ಥೆಯನ್ನೇ ಮೊದಲು ಕಟ್ಟಿ ಎನ್ನುತ್ತೇನೆ. ಏನಿದೆ ಎಂದು ತೋರಿಸಲಾಗದವರು ಅದನ್ನು ಅಳಿಸಲಾರರು. 2011ರಲ್ಲಿ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ತನ್ನ ಬಗ್ಗೆ ಇರುವುದನ್ನೆಲ್ಲ ಕೊಡಿ ಎಂದು ಫೇಸ್‌ಬುಕ್ಕನ್ನು ಕೇಳಿದಾಗ 1,200ಕ್ಕೂ ಹೆಚ್ಚು ಪುಟಗಳು ಬಂದವು. ತಾನು ಅಳಿಸಿದ್ದೆ ಎಂದುಕೊಂಡಿದ್ದ ಸಂದೇಶಗಳೂ ಅದರಲ್ಲಿದ್ದವು.

ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಪ್ರಕಾರ ಇಂಥ ಕೋರಿಕೆಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಬೇರೆ ಸೇವೆಗೆ ಒಯ್ಯಲು ಕೇಳಿದ ಮಾಹಿತಿ ಯಂತ್ರವೂ ಓದಬಲ್ಲ ರೂಪದಲ್ಲಿರಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸುವ ಹಕ್ಕನ್ನೂ, ನಮ್ಮ ಮಾಹಿತಿಯ ಸಾರಾಂಶ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಬೇರೆ ಸೇವೆಗೆ ಒಯ್ಯುವ ಹಕ್ಕನ್ನು ಕೊಟ್ಟಿಲ್ಲ. ಇದೊಂದು ಕೊರತೆ ಎಂದೇ ನನ್ನ ಭಾವನೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ.

ಶಾರದಮ್ಮನಿಗೆ ಸಿಗುವ ಜಿಪ್ ಫೈಲಿನಲ್ಲಿ ಆರ್ಡರುಗಳು `orders.csv` ಎಂದು ಇರುತ್ತವೆ ಎನ್ನೋಣ. ಅದನ್ನು ಎಕ್ಸೆಲ್‌ನಲ್ಲಿ ತೆರೆದರೆ ‘ಹೀರೇಕಾಯಿ’ ಇರಬೇಕಾದ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುವುದು ಕನ್ನಡದ ಆ್ಯಪುಗಳಲ್ಲಿ ಮಾಮೂಲು. ಫೈಲು `UTF-8`ನಲ್ಲಿದೆ ಎಂದು ಎಕ್ಸೆಲ್‌ಗೆ ತಿಳಿಸುವ ಮೂರು ಬೈಟಿನ ಗುರುತು, `BOM`, ಆರಂಭದಲ್ಲಿ ಇಲ್ಲದಿರುವುದೇ ಕಾರಣ. ಅದನ್ನು ಸೇರಿಸಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹಾಗೆಯೇ ಹಾಲು ತಂದುಕೊಟ್ಟ ಹುಡುಗನ ಮೊಬೈಲ್ ನಂಬರು ಆ ಫೈಲಿನಲ್ಲಿ ಇರಬಾರದು. ಅದು ಅವನ ಮಾಹಿತಿ.

ಆದರೆ ಆ ಫೈಲು ಯಾರ ಕೈ ಸೇರುತ್ತದೆ? ನಮ್ಮಲ್ಲಿ ಲಾಗಿನ್ ಎಂದರೆ ಹೆಚ್ಚಾಗಿ ಓಟಿಪಿ. ಬಳಕೆ ನಿಲ್ಲಿಸಿದ ಮೊಬೈಲ್ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಶಾರದಮ್ಮ ಖಾತೆ ಅಳಿಸದೆ ಬರೀ ಸಿಮ್ ಬಿಟ್ಟಿದ್ದರೆ, ಆ ನಂಬರು ಪಡೆದ ಅಪರಿಚಿತರು ಓಟಿಪಿ ಹಾಕಿ ಅವರ ಮನೆ ವಿಳಾಸದಿಂದ ಹಿಡಿದು ಚಾಟ್‌ವರೆಗೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಳಿಸಿಕೊಳ್ಳಬಹುದು. ಅದಕ್ಕೇ ತಿಂಗಳುಗಟ್ಟಲೆ ಸುಮ್ಮನಿದ್ದ ಖಾತೆ ಹೊಸ ಫೋನಿನಿಂದ ತೆರೆದುಕೊಂಡರೆ ಡೌನ್‌ಲೋಡಿಗೆ ಓಟಿಪಿ ಒಂದೇ ಸಾಲದು. ಮೊದಲೇ ದಾಖಲಾಗಿದ್ದ ಇಮೇಲಿಗೆ ಸುದ್ದಿ ಮುಟ್ಟಿಸಿ ಒಂದೆರಡು ದಿನ ತಡೆಯುವುದು, ಫೈಲಿನ ಲಿಂಕ್ ಸ್ವಲ್ಪ ಕಾಲದಲ್ಲೇ ಸಾಯುವಂತೆ ಮಾಡುವುದು, ಲಾಗಿನ್ ಇಲ್ಲದೆ ಅದು ತೆರೆಯದಂತೆ ನೋಡಿಕೊಳ್ಳುವುದು, ಇಷ್ಟಾದರೂ ಬೇಕು.

ಕೊನೆಗೆ ಆ್ಯಪು ಸ್ಟೋರಿನವರ ಪರಿಶೀಲನೆಗೆ ಹೋಗುತ್ತದೆ. ಪರೀಕ್ಷಿಸಲೆಂದು ಅವರಿಗೆ ಒಂದು ಮಾದರಿ ಖಾತೆ ಕೊಟ್ಟಿರುತ್ತೇವೆ. ಅವರು ಡಿಲೀಟ್ ಒತ್ತಿಯೂ ನೋಡುತ್ತಾರೆ, ಖಾತೆ ನಿಜಕ್ಕೂ ಅಳಿಯುತ್ತದೆ. ಮುಂದಿನ ಆವೃತ್ತಿ ಕಳಿಸುವಾಗ ಅದೇ ಲಾಗಿನ್ ವಿವರ ಬರೆದರೆ ಪರಿಶೀಲಕರಿಗೆ ಒಳಗೆ ಹೋಗಲಾಗದೆ ಆ್ಯಪು ತಿರಸ್ಕೃತವಾಗಿ ವಾಪಸು ಬರುತ್ತದೆ. ಪ್ರತಿ ಸಲ ಕಳಿಸುವ ಮುನ್ನ ಮಾದರಿ ಖಾತೆಯನ್ನು ಹೊಸದಾಗಿ ತೆರೆದು, ಎರಡು ಆರ್ಡರು ಹಾಕಿ, ಅಳಿಸುವ ಬಟನ್ ಯಾವ ಪರದೆಯಲ್ಲಿದೆ ಎಂದು ಪರಿಶೀಲಕರಿಗಿರುವ ಟಿಪ್ಪಣಿಯಲ್ಲಿ ಬರೆದು ಕಳಿಸಬೇಕು.