ಕಾಂಕ್ರೀಟಿಗೆ ಉಣಿಸುವ ನೀರು

ಕುಡಿಯಲು ಬರುವ ನೀರು ಕಾಂಕ್ರೀಟಿಗೂ ಬರುತ್ತದೆಂಬುದು ಮೇಸ್ತ್ರಿಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವ ಮಾತು. ಈ ಮಾತು ಬಹುಮಟ್ಟಿಗೆ ನಿಜವಾದರೂ ಕೊಳವೆ ಬಾವಿಗಳ ಈ ಕಾಲದಲ್ಲಿ ಅದನ್ನು ಪೂರ್ಣವಾಗಿ ನೆಚ್ಚುವಂತಿಲ್ಲ. ಬೇರೆ ನೀರು ದೊರೆಯದ ಕಡೆ, ಲೀಟರಿಗೆ 1000 ಮಿಲಿಗ್ರಾಂವರೆಗೆ ಕ್ಲೋರೈಡು ಇರುವ ನೀರನ್ನು ಕುಡಿಯಲು ಭಾರತೀಯ ಮಾನಕವು ಸಮ್ಮತಿಸುತ್ತದೆ. ಆದರೆ ಕಾಂಕ್ರೀಟನ್ನು ಕುರಿತ ಮಾನಕದ 2000ನೆಯ ವರ್ಷದ ಆವೃತ್ತಿಯು, ಒಳಗೆ ಉಕ್ಕಿನ ಸರಳುಗಳಿದ್ದಲ್ಲಿ, 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡನ್ನು ಒಪ್ಪುವುದಿಲ್ಲ. ಮನುಷ್ಯನು ತಾಳಿಕೊಳ್ಳುವ ಉಪ್ಪನ್ನು ಉಕ್ಕು ತಾಳದು!

ಇದಕ್ಕೆ ಕಾರಣವೇನು? ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ತೀಕ್ಷ್ಣವಾದ ಕ್ಷಾರವು ಹುಟ್ಟುತ್ತದೆ. ಈ ಕ್ಷಾರದ ಆಶ್ರಯದಲ್ಲಿ ಸರಳಿನ ಮೈಮೇಲೆ ಅತ್ಯಂತ ತೆಳುವಾದ ಆಕ್ಸೈಡಿನ ಪೊರೆಯೊಂದು ಏರ್ಪಟ್ಟು ಅದನ್ನು ತುಕ್ಕಿನಿಂದ ಕಾಪಾಡುತ್ತದೆ. ಕ್ಲೋರೈಡು ಅಲ್ಲಲ್ಲಿ ಈ ಪೊರೆಯನ್ನು ಭೇದಿಸುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುವುದರಿಂದ, ಸುತ್ತಲಿನ ಕಾಂಕ್ರೀಟು ಸರಳಿನ ಗುಂಟ ಸೀಳುತ್ತದೆ. ಕಂದು ಕಲೆಯೂ ನೀಳವಾದ ಬಿರುಕೂ ಕಾಣಿಸಿಕೊಳ್ಳುವ ವೇಳೆಗೆ ಒಳಗಿನ ಸರಳು ಸವೆಯತೊಡಗಿರುತ್ತದೆ.

ನಮ್ಮ ನೆರೆಯವರೊಬ್ಬರು ಮನೆ ಕಟ್ಟಿಸಲು ಹೊರಟಾಗ ಅವರ ಕೊಳವೆ ಬಾವಿಯ ನೀರನ್ನು ಕಾಲೇಜಿನ ರಸಾಯನ ಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದೆವು. ಹತ್ತು ಮಿಲಿಲೀಟರು ನೀರಿಗೆ ಭಟ್ಟಿ ಇಳಿಸಿದ ನೀರನ್ನು ಬೆರೆಸಿ, ಪೊಟ್ಯಾಸಿಯಂ ಕ್ರೋಮೇಟಿನ ಕೆಲವು ಹನಿಗಳನ್ನು ಹಾಕಿ, ಬಣ್ಣವು ಹಳದಿಯಿಂದ ಇಟ್ಟಿಗೆಗೆಂಪಿಗೆ ತಿರುಗುವವರೆಗೆ ಬೆಳ್ಳಿಯ ನೈಟ್ರೇಟಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆವು. ಒಂದು ಮಿಲಿಲೀಟರು ದ್ರಾವಣವು ಅರ್ಧ ಮಿಲಿಗ್ರಾಂ ಕ್ಲೋರೈಡಿಗೆ ಸಮವಾಗಿತ್ತು. ಖರ್ಚಾದುದು 16 ಮಿಲಿಲೀಟರು. ಎಂದರೆ ಲೀಟರಿಗೆ 800 ಮಿಲಿಗ್ರಾಂ ಕ್ಲೋರೈಡು.

ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ಹತ್ತು ಸೆಂಟಿಮೀಟರು ದಪ್ಪದ ತಾರಸಿಯ ಒಂದು ಚದರ ಮೀಟರನ್ನು ಕಲಸಲು ಸುಮಾರು 18 ಲೀಟರು ನೀರು ಬೇಕು. ಅದರೊಡನೆ ಒಳಸೇರುವ ಕ್ಲೋರೈಡು 14 ಗ್ರಾಂ. ಮರಳು, ಜಲ್ಲಿ, ಸಿಮೆಂಟುಗಳಲ್ಲಿರುವುದನ್ನೂ ಸೇರಿಸಿ ಅಷ್ಟು ಕಾಂಕ್ರೀಟಿನಲ್ಲಿ ಮಾನಕವು ಒಪ್ಪುವ ಪರಮಾವಧಿ 60 ಗ್ರಾಂ. ಆದುದರಿಂದ ಭಯವೇನೂ ಇಲ್ಲವೆಂದು ನೆರೆಯವರು ಹೇಳಿದರು. ಆದರೆ ಅವರು ಒಂದು ಸಂಗತಿಯನ್ನು ಮರೆತಿದ್ದರು.

ಎರಕ ಹಾಕಿದ ಮೇಲೆ ಹತ್ತು ದಿನ ತಾರಸಿಗೆ ನೀರುಣಿಸಬೇಕಷ್ಟೆ. ಬಿರುಬೇಸಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರು ನೀರು ಆರಿದರೆ, ಚದರ ಮೀಟರಿಗೆ ಒಟ್ಟು 50 ಲೀಟರು ಆವಿಯಾದಂತಾಯಿತು. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹೀಗೆ ಹಿಂದುಳಿಯುವ ಕ್ಲೋರೈಡು 40 ಗ್ರಾಂ, ಕಲಸುವಾಗ ಸೇರಿದುದರ ಸುಮಾರು ಮೂರರಷ್ಟು! ಅದೆಲ್ಲವೂ ಒಳಗಿಳಿಯದಿದ್ದರೂ, ಎಳೆಯ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳು ಒಣಗಿ ಮತ್ತೆ ನೆನೆದಾಗಲೆಲ್ಲ ಒಂದಷ್ಟನ್ನು ಹೀರುತ್ತವೆ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಭಾರವನ್ನು ಹೊರುವ ಮುಖ್ಯ ಸರಳುಗಳಿರುವುದು ಈ ಮೇಲ್ಮೈಯ ಸಮೀಪದಲ್ಲಿಯೇ ಎಂಬುದನ್ನು ವಾಚಕರು ನೆನೆಯಬೇಕು.

ನೀರಿನ ದೋಷಗಳು ಇನ್ನೂ ಇವೆ. ಸಲ್ಫೇಟು ಸಿಮೆಂಟಿನ ಅಲ್ಯುಮಿನೇಟಿನೊಡನೆ ಸೇರಿ ಉಬ್ಬುವ ಹರಳುಗಳನ್ನುಂಟುಮಾಡಿ ಗಟ್ಟಿಯಾದ ಕಾಂಕ್ರೀಟನ್ನು ಬಿರಿಸಬಲ್ಲುದು. ಇದರ ಮಿತಿ ಲೀಟರಿಗೆ 400 ಮಿಲಿಗ್ರಾಂ. ಕೊಳೆತ ಎಲೆ, ಪಾಚಿ, ಸಕ್ಕರೆಯಂತಹ ಸಾವಯವ ಪದಾರ್ಥಗಳ ಮಿತಿ 200 ಮಿಲಿಗ್ರಾಂ. ಇವುಗಳಲ್ಲಿ ಸಕ್ಕರೆಯು ಸಿಮೆಂಟು ಬಿಗಿಯುವುದನ್ನೇ ತಡೆಯುತ್ತದೆ. ನೀರಿನ ವಿಷಯದಲ್ಲಿ ಸಂಶಯವಿದ್ದರೆ ಭಟ್ಟಿ ನೀರಿನಿಂದಲೂ ಆ ನೀರಿನಿಂದಲೂ ಬೇರೆ ಬೇರೆ ಘನಗಳನ್ನು ಎರೆದು 28 ದಿನಗಳ ಬಳಿಕ ಒತ್ತಿ ನೋಡುತ್ತಾರೆ. ಬಲವು ಶೇಕಡಾ 90ಕ್ಕಿಂತ ಕಡಮೆಯಾಗಕೂಡದು. ಆದರೆ ಮುಂದೆ ಹಿಡಿಯಲಿರುವ ತುಕ್ಕನ್ನು ಈ ಪರೀಕ್ಷೆ ತೋರಿಸಲಾರದು. ಅದಕ್ಕೆ ಕ್ಲೋರೈಡನ್ನೇ ಅಳೆಯಬೇಕು.

ನೀರನ್ನು ಕುದಿಸುವುದರಿಂದ ಕ್ಲೋರೈಡು ಹೋಗದು. ಗಡಸುತನವನ್ನು ನೀಗಿಸುವ ಯಂತ್ರವೂ ಸುಣ್ಣದ ಅಂಶಕ್ಕೆ ಬದಲಾಗಿ ಸೋಡಿಯಂ ಕೊಡುತ್ತದೆಯೇ ಹೊರತು ಕ್ಲೋರೈಡನ್ನು ಮುಟ್ಟುವುದಿಲ್ಲ. ಸಿಹಿನೀರನ್ನು ಬೆರೆಸುವುದೇ ಸುಲಭವಾದ ಉಪಾಯ. ನಮ್ಮ ನೆರೆಯವರು ಲೀಟರಿಗೆ 60 ಮಿಲಿಗ್ರಾಂ ಕ್ಲೋರೈಡಿದ್ದ ನೀರನ್ನು ಟ್ಯಾಂಕರಿನಲ್ಲಿ ತರಿಸಿ, ಕಲಸಲು ಬಾವಿಯ ನೀರಿನೊಡನೆ ಸಮಸಮವಾಗಿ ಬೆರೆಸಿದರು. ಆಗ ಕ್ಲೋರೈಡು ಲೀಟರಿಗೆ 430 ಮಿಲಿಗ್ರಾಂಗೆ ಇಳಿಯಿತು. ಉಣಿಸಲು ಮಾತ್ರ ಬರಿಯ ಸಿಹಿನೀರನ್ನೇ ಬಳಸಿ, ಒದ್ದೆ ಗೋಣಿಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಆವಿಯಾಗುವುದನ್ನು ತಗ್ಗಿಸಿದರು. ನೀರಿನಿಂದ ಬರಬಹುದಾಗಿದ್ದ 54 ಗ್ರಾಂ ಕ್ಲೋರೈಡು ಹೀಗೆ 11 ಗ್ರಾಂಗೂ ಕೆಳಗೆ ನಿಂತಿತು. ಸಿಹಿನೀರು ಸ್ವಲ್ಪವೇ ಇದ್ದಲ್ಲಿ, ಕಲಸುವ ನೀರನ್ನು ಮಿತಿಯೊಳಗೆ ತಂದುಕೊಂಡು ಉಳಿದುದನ್ನೆಲ್ಲ ಉಣಿಸುವುದಕ್ಕೆ ಮೀಸಲಿಡುವುದು ಲೇಸು.