ಕೇಳುವವರಿಗೆ ಮೊದಲು ಕಾಣುವ ಎರಡು ಸಾಲು

“ಸಂಚಿಕೆ 47: ಜೀವಜಲ – ಒಂದು ಮುಕ್ತ ಮಾತುಕತೆ.” ಪಾಡ್‌ಕಾಸ್ಟ್ ಒಂದರ ಸಂಚಿಕೆಗೆ ಇಂಥ ತಲೆಬರಹವಿದೆಯೆಂದು ಭಾವಿಸಬಹುದು. ಅದರ ಕೆಳಗಿನ ವಿವರಣೆ ಹೀಗೆ: “ಈ ವಾರ ನಮ್ಮೊಡನೆ ಒಬ್ಬ ವಿಶೇಷ ಅತಿಥಿ ಇದ್ದಾರೆ. ನೀರಿನ ಬಗೆಗಿನ ತಮ್ಮ ಸುದೀರ್ಘ ಅನುಭವವನ್ನು ಅವರು ಹಂಚಿಕೊಂಡಿದ್ದಾರೆ. ತಪ್ಪದೆ ಕೇಳಿ.” ಧ್ವನಿಮುದ್ರಣವೇನೋ ಸೊಗಸಾಗಿಯೇ ಇದೆ. ಅತಿಥಿ ಇಪ್ಪತ್ತು ವರ್ಷ ಅಂತರ್ಜಲವನ್ನು ಅಭ್ಯಸಿಸಿದ ವಿಜ್ಞಾನಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆಯಷ್ಟೆ. ಆ ಕೆರೆಗಳ ಪಕ್ಕದ ಕೊಳವೆಬಾವಿಗಳ ಗತಿಯೇನೆಂಬುದನ್ನು ಆಕೆ ಗಂಟೆ ಹೊತ್ತು ವಿವರಿಸಿದ್ದಾರೆ. ಆದರೆ ಯಾವ ರೈತನಿಗೆ ಈ ಮಾತು ಬೇಕಾಗಿತ್ತೋ ಅವನಿಗೆ ಇದು ತನಗಾಗಿ ಎಂದು ತಿಳಿಯುವುದಾದರೂ ಹೇಗೆ?

ಶ್ರೋತೃವಿನ ಕೈಯಲ್ಲಿರುವುದು ಅಂಗೈಯಗಲದ ಪರದೆ. ಸಂಚಿಕೆಗಳ ಪಟ್ಟಿಯಲ್ಲಿ ತಲೆಬರಹದ ಮೊದಲ ಕೆಲವು ಪದಗಳು ಮಾತ್ರ ಕಾಣುತ್ತವೆ. ಉಳಿದವು ಚುಕ್ಕಿಗಳಲ್ಲಿ ಮರೆಯಾಗುತ್ತವೆ. ವಿವರಣೆಯದೂ ಇದೇ ಪಾಡು. ಹೀಗಿರುವಲ್ಲಿ “ಸಂಚಿಕೆ 47” ಎಂಬುದು ಅಮೂಲ್ಯ ಸ್ಥಳವನ್ನು ವ್ಯರ್ಥವಾಗಿ ನುಂಗುತ್ತದೆ. ಸಂಖ್ಯೆಗೆ ಪ್ರಕಾಶಕರ ಕಡತದಲ್ಲಿ ಬೇರೆಯೇ ಕೋಷ್ಠಕವುಂಟು. ಅದನ್ನು ಅಲ್ಲಿ ತುಂಬಿದರೆ ಸಾಕು. “ಮುಕ್ತ ಮಾತುಕತೆ” ಎಂಬುದಂತೂ ಪಾಡ್‌ಕಾಸ್ಟಿನಲ್ಲಿ ಹೇಳಬೇಕಾದ ಮಾತೇ ಅಲ್ಲ. ಮಾತುಕತೆಯಲ್ಲದೆ ಅಲ್ಲಿ ಇನ್ನೇನಿದ್ದೀತು!

ಅತಿಥಿಯ ಹೆಸರು ತಲೆಬರಹದಲ್ಲಿ ಇರಬೇಕೆ? ಹೆಸರು ಕೇಳಿದೊಡನೆ ಜನ ಗುರುತಿಸುವಂತಿದ್ದರೆ ಅದೇ ಮೊದಲು ಬರಲಿ. ಇಲ್ಲವಾದರೆ ವೃತ್ತಿಯೇ ಹೆಚ್ಚು ತಿಳಿಸುತ್ತದೆ: “ಅಂತರ್ಜಲ ವಿಜ್ಞಾನಿ” ಎಂದರೆ ಏಕೆ ನಂಬಬೇಕೆಂಬುದಕ್ಕೂ ಉತ್ತರ ಸಿಕ್ಕಂತೆ. ಹೆಸರು ವಿವರಣೆಯ ಮೊದಲ ವಾಕ್ಯಕ್ಕೆ ಸರಿಯಲಿ, ಆದರೆ ಬಿಟ್ಟುಹೋಗಬಾರದು. ಕನ್ನಡಿಗರಲ್ಲಿ ಅನೇಕರು ರೋಮನ್ ಅಕ್ಷರಗಳಲ್ಲಿಯೇ ಹುಡುಕುವುದರಿಂದ, ಅತಿಥಿ ತಾವೇ ಬರೆಯುವ ರೀತಿಯಲ್ಲಿ ಹೆಸರನ್ನು ಎರಡು ಲಿಪಿಗಳಲ್ಲಿಯೂ ಕೊಡುವುದು ಒಳ್ಳೆಯದು.

ಇಷ್ಟಾದ ಮೇಲೆ ಮೊದಲ ತಿದ್ದುಪಡಿ ಸಹಜವಾಗಿ ಹೀಗೆ ಹುಟ್ಟೀತು: “ಕೋಲಾರದ ಕೊಳವೆಬಾವಿಯ ನೀರು ಕುಡಿಯಬಹುದೆ? ಅಂತರ್ಜಲ ವಿಜ್ಞಾನಿಯ ಉತ್ತರ.” ಎಷ್ಟು ಚುರುಕಾಗಿದೆ! ತೊಡಕಿರುವುದೂ ಇಲ್ಲಿಯೇ. ಮುದ್ರಣವನ್ನು ಮತ್ತೊಮ್ಮೆ ಕೇಳಿದರೆ ಆಕೆ ಕುಡಿಯಬಹುದೆಂದೂ ಹೇಳಿಲ್ಲ, ಕೂಡದೆಂದೂ ಹೇಳಿಲ್ಲ. ಒಂದೊಂದು ಬಾವಿಯದು ಒಂದೊಂದು ಸ್ಥಿತಿ. ನೈಟ್ರೇಟ್ ಮತ್ತು ರೋಗಾಣುಗಳ ಪರೀಕ್ಷೆಯಾಗದೆ ಹೇಳಲಾಗದು ಎಂದಿದ್ದಾರೆ. ಮೂವತ್ತೊಂದನೆಯ ನಿಮಿಷದಲ್ಲಿ ಮಾದರಿಯನ್ನು ಹೇಗೆ ತೆಗೆಯಬೇಕು, ಯಾವ ಪರೀಕ್ಷೆ ಕೇಳಬೇಕು ಎಂಬುದನ್ನು ಬಿಡಿಸಿ ಹೇಳಿದ್ದಾರೆ. ಸಂಚಿಕೆಯ ನಿಜವಾದ ಫಲ ಅದೇ. ಆದ್ದರಿಂದ ತಲೆಬರಹ ಕಡೆಗೆ ಹೀಗಾಗಬೇಕು:

“ಕೋಲಾರದ ಕೊಳವೆಬಾವಿ: ಯಾವ ಪರೀಕ್ಷೆ ಮಾಡಿಸಬೇಕು? ಅಂತರ್ಜಲ ವಿಜ್ಞಾನಿಯ ಸಲಹೆ.”

ವಿವರಣೆ: “ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿದ ಕೆರೆಯ ಪಕ್ಕ ನಿಮ್ಮ ಬಾವಿಯಿದೆಯೆ? ಇಪ್ಪತ್ತು ವರ್ಷ ಅಂತರ್ಜಲವನ್ನು ಅಭ್ಯಸಿಸಿದ (ಇಲ್ಲಿ ಅತಿಥಿಯ ಹೆಸರು) ಆ ನೀರಿನಲ್ಲಿ ಏನನ್ನು ಹುಡುಕಬೇಕು, ಏಕೆ ಎಂಬುದನ್ನು ವಿವರಿಸುತ್ತಾರೆ. ಮಾದರಿ ತೆಗೆಯುವ ಕ್ರಮ: 31:10.” ಚಂದಾದಾರರಾಗಿರೆಂಬ ಬಿನ್ನಹ, ಕೃತಜ್ಞತೆಗಳು ಎಲ್ಲವೂ ಇದರ ಕೆಳಗೆ.

ಬರೆದವರಿಗೆ ತಮ್ಮ ಬರಹ ಸ್ಪಷ್ಟವಾಗಿಯೇ ಕಾಣುತ್ತದೆ. ಆದುದರಿಂದ ಸಂಚಿಕೆಯನ್ನು ಕೇಳದವರೊಬ್ಬರಿಗೆ ಈ ಎರಡನ್ನೇ ಓದಿ ಹೇಳಿ, ಮಾತನಾಡುವವರು ಯಾರು, ಯಾವುದರ ಬಗ್ಗೆ, ಕೇಳಿದರೆ ಏನು ದೊರೆತೀತು ಎಂದು ವಿಚಾರಿಸಬೇಕು. ತಡವರಿಸಿದ ಉತ್ತರ ಎಲ್ಲಿಯದೋ ತಿದ್ದಬೇಕಾದುದು ಅಲ್ಲಿ. ಪ್ರಕಟವಾದ ಮೇಲೆ ಇನ್ನೊಂದು ಸಾಕ್ಷಿಯುಂಟು. ಕೇಳುಗರು ಯಾವ ನಿಮಿಷದಲ್ಲಿ ಎದ್ದುಹೋದರೆಂಬ ರೇಖಾಚಿತ್ರವನ್ನು ಆಪಲ್, ಸ್ಪಾಟಿಫೈ ಎರಡೂ ಪ್ರಕಾಶಕರಿಗೆ ಒದಗಿಸುತ್ತವೆ. ಆರಂಭದಲ್ಲಿಯೇ ರೇಖೆ ಕಡಿದು ಬಿದ್ದಿದ್ದರೆ ತಲೆಬರಹ ಬೇರೇನನ್ನೋ ಆಡಿತೋ, ಇಲ್ಲವೆ ಪೀಠಿಕೆ ಉದ್ದವಾಯಿತೋ ಎಂದು ಶಂಕಿಸಬೇಕು. ಜನ ಆ ಸಂಚಿಕೆಯನ್ನು ತೆರೆಯಲೇ ಇಲ್ಲವಾದರೆ ಮಾತ್ರ ಈ ರೇಖೆ ಏನನ್ನೂ ಹೇಳಲಾರದು.

ಹಳೆಯ ಸಂಚಿಕೆಗಳ ಹೆಸರನ್ನೂ ಹೀಗೆ ಬದಲಿಸಬಹುದು. ಆಗ ಪ್ರತಿ ಸಂಚಿಕೆಗೆ ಅಂಟಿಕೊಂಡಿರುವ `guid` ಎಂಬ ಗುರುತುಸಂಖ್ಯೆಯನ್ನು ಮುಟ್ಟದಿರುವುದು ಮುಖ್ಯ. ಅದು ಬದಲಾದರೆ ಅದೇ ಸಂಚಿಕೆ ಹೊಸದರಂತೆ ಎರಡನೆಯ ಬಾರಿ ಚಂದಾದಾರರ ಮುಂದೆ ಬಂದು ನಿಲ್ಲಬಹುದು. ಮೊದಲೇ ಇಳಿಸಿಕೊಂಡವರ ಫೋನಿನಲ್ಲಿ “ಜೀವಜಲ – ಒಂದು ಮುಕ್ತ ಮಾತುಕತೆ” ಇನ್ನೂ ಕೆಲಕಾಲ ಹಾಗೆಯೇ ಉಳಿದಿದ್ದರೂ ಇರಬಹುದು.