‘ಇಂದ’ ಎಂದು ಬರೆಯುವ ಮುನ್ನ

1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ ಅನೇಕ ತಂದೆತಾಯಂದಿರನ್ನು ಕಳವಳಕ್ಕೆ ದೂಡಿತು. ಅಮೆರಿಕದ ಫಿಲಡೆಲ್ಫಿಯಾದ ಕಣ್ಣಿನ ಚಿಕಿತ್ಸಾಲಯಕ್ಕೆ ಬಂದಿದ್ದ 479 ಮಕ್ಕಳ ಪೋಷಕರನ್ನು ಸಂಶೋಧಕರು ಕೇಳಿದ್ದರು: ಎರಡು ವರ್ಷ ತುಂಬುವ ಮೊದಲು ಮಗು ಮಲಗುತ್ತಿದ್ದುದು ಕತ್ತಲಲ್ಲೋ, ಬೆಳಕಿನಲ್ಲೋ? ಕತ್ತಲಲ್ಲಿ ಮಲಗಿದವರಲ್ಲಿ ಶೇ. 10, ಮಂದದೀಪದಲ್ಲಿ ಶೇ. 34, ಕೋಣೆಯ ದೊಡ್ಡ ದೀಪದಲ್ಲಿ ಶೇ. 55 ಮಕ್ಕಳಿಗೆ ಸಮೀಪದೃಷ್ಟಿ ಇತ್ತು.

ಇದೇ ಅಂಕಿಗಳನ್ನು ಮುಂದಿಟ್ಟುಕೊಂಡು ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧದ ಚರ್ಚೆಯ ಭಾಗದಲ್ಲಿ ಹೀಗೆ ಬರೆದ ಎನ್ನೋಣ: ‘ರಾತ್ರಿ ದೀಪದಿಂದ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚಾಗುತ್ತದೆ ಎಂದು ಸಾಬೀತಾಗಿದೆ. ಪೋಷಕರು ದೀಪ ಆರಿಸಬೇಕು.’

ತಿದ್ದಲು ಕೂತರೆ ನಾನು ಮೊದಲು ಕೈಹಾಕುವುದು ‘ಸಾಬೀತು’ ಎಂಬ ಪದಕ್ಕಲ್ಲ, ‘ದೀಪದಿಂದ’ ಎಂಬುದಕ್ಕೆ. ನಮ್ಮ ಕನ್ನಡದ ಆ ‘ಇಂದ’ ಪ್ರತ್ಯಯ ಸದ್ದಿಲ್ಲದೆ ಕಾರಣವನ್ನು ಹೇಳಿಬಿಡುತ್ತದೆ. ‘ಹೆಚ್ಚಾಗುತ್ತದೆ’ ಎಂಬುದೂ ಹಾಗೆಯೇ. ಯಾವ ಮಗುವಿನ ದೃಷ್ಟಿಯೂ ಬದಲಾಗುವುದನ್ನು ಇಲ್ಲಿ ಯಾರೂ ಕಾದು ನೋಡಿಲ್ಲ. ಒಂದು ಗುಂಪನ್ನು ಇನ್ನೊಂದರ ಜೊತೆ ಹೋಲಿಸಿದ್ದಾರೆ. ಹಾಗಾಗಿ ಅದು ‘ಹೆಚ್ಚಾಗಿತ್ತು’ ಆಗಬೇಕು. ತಿದ್ದಿದ ವಾಕ್ಯ: ‘ಚಿಕಿತ್ಸಾಲಯಕ್ಕೆ ಬಂದ ಮಕ್ಕಳ ಪೈಕಿ, ಎಳವೆಯಲ್ಲಿ ದೀಪದ ಬೆಳಕಿನಲ್ಲಿ ಮಲಗುತ್ತಿದ್ದರೆಂದು ಪೋಷಕರು ನೆನಪಿಸಿಕೊಂಡವರಲ್ಲಿ ಸಮೀಪದೃಷ್ಟಿ ಹೆಚ್ಚಾಗಿತ್ತು.’ ಯಾವ ಮಕ್ಕಳು, ಮಾಹಿತಿ ಯಾರ ನೆನಪಿನದು ಎಂಬ ಎರಡು ಮಿತಿಗಳೂ ವಾಕ್ಯದೊಳಗೇ ಬಂದವು.

ಅಳುಕಿನಿಂದ ಕೆಲವರು ‘ಬಹುಶಃ ಸಂಬಂಧ ಇದ್ದರೂ ಇರಬಹುದು’ ಎಂದು ಬರೆಯುತ್ತಾರೆ. ಅದೂ ತಪ್ಪೇ. ಆ ಮಕ್ಕಳಲ್ಲಿ ಕಂಡ ವ್ಯತ್ಯಾಸವನ್ನು ಎಣಿಸಿಯೇ ಹೇಳಿದ್ದಾರೆ, ಅಲ್ಲಿ ‘ಬಹುಶಃ’ ಬೇಡ. ಅನುಮಾನ ಇರುವುದು ಕಾರಣದ ಬಗ್ಗೆ. ‘ಇರಬಹುದು’ ಅಲ್ಲಿಗೆ ಸೇರಬೇಕು.

ಆಮೇಲೆ ಬರಬೇಕಾದ್ದು ಎದುರುವಿವರಣೆ. ಅದು 2000ದಲ್ಲಿ ಬಂತು. ಒಹಾಯೊ ಮತ್ತು ಬಾಸ್ಟನ್‌ನ ತಂಡಗಳಿಗೆ ದೀಪಕ್ಕೂ ಮಕ್ಕಳ ದೃಷ್ಟಿಗೂ ನಂಟೇ ಕಾಣಲಿಲ್ಲ. ಕಂಡದ್ದು ಬೇರೆ: ಸಮೀಪದೃಷ್ಟಿ ಇರುವ ತಂದೆತಾಯಂದಿರು ಮಗುವಿನ ಕೋಣೆಯಲ್ಲಿ ದೀಪ ಹಚ್ಚಿಡುವುದು ಹೆಚ್ಚು. ಸಮೀಪದೃಷ್ಟಿ ಮನೆತನದಲ್ಲಿ ಹರಿದು ಬರುವಂಥದ್ದು. ಹಾಗಿದ್ದರೆ ದೀಪವೂ ಮಗುವಿನ ಕನ್ನಡಕವೂ ಹೆತ್ತವರ ಕಣ್ಣಿನಿಂದಲೇ ಬಂದಿರಬಹುದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂಥ ಆಕಸ್ಮಿಕವಲ್ಲ ಇದು. ಎರಡಕ್ಕೂ ಬೇರು ಒಂದೇ ಆಗಿರುವ ಸಾಧ್ಯತೆ.

1999ರ ಲೇಖಕರು, ಕಾರಣ ಸ್ಥಾಪಿತವಾಗಿಲ್ಲ ಎಂದು ತಾವೇ ಬರೆದಿದ್ದರು. ಆದರೂ ಮಕ್ಕಳನ್ನು ಕತ್ತಲಲ್ಲಿ ಮಲಗಿಸುವುದು ಲೇಸು ಎಂಬ ಸಲಹೆಯನ್ನೂ ಕೊಟ್ಟಿದ್ದರು. ಓದುಗರ ಮನಸ್ಸಿಗೆ ನಾಟುವುದು ಸಲಹೆಯೇ. ಅದಕ್ಕೇ ನಮ್ಮ ವಿದ್ಯಾರ್ಥಿಯ ಕೊನೆಯ ವಾಕ್ಯವನ್ನು ಪೂರ್ತಿ ಹೊಡೆದುಹಾಕಿ, ಅಲ್ಲಿ ಹೀಗೆ ಬರೆಯುತ್ತೇನೆ: ‘ಪೋಷಕರ ದೃಷ್ಟಿಯನ್ನು ನಾವು ಪರೀಕ್ಷಿಸಿಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಈ ವ್ಯತ್ಯಾಸ ಉಳಿಯುತ್ತದೆಯೇ ಎಂಬುದನ್ನು ನೋಡಬೇಕಿದೆ.’